ಚೆಕ್ ಬೌನ್ಸ್ ನೋಟಿಸಿನ ಕರಡನ್ನು ಕೆಳಗಿನಿಂದ ಮೇಲಕ್ಕೆ ಓದಿ

ವಕೀಲರ ಕಚೇರಿಯಿಂದ ವಾಟ್ಸ್ಯಾಪ್‌ನಲ್ಲಿ ಒಂದು ಪಿಡಿಎಫ್ ಬರುತ್ತದೆ. ಅದರ ಕೆಳಗೊಂದು ಸಾಲು: 'ಸಾರ್, ನೋಟಿಸ್ ಡ್ರಾಫ್ಟ್ ಒಮ್ಮೆ ನೋಡಿ ಓಕೆ ಅನ್ನಿ, ಇವತ್ತೇ ಪೋಸ್ಟ್ ಮಾಡ್ತೀವಿ.' ಕಳುಹಿಸಿಕೊಂಡವರು ಅಂಗಡಿಯ ಗಲ್ಲಾಪೆಟ್ಟಿಗೆ ಮುಂದೆ ಕೂತೇ ಅದನ್ನು ತೆರೆಯುತ್ತಾರೆ. ತಮ್ಮ ಹೆಸರು ಸರಿಯಿದೆ, ದುಡ್ಡು ಕೊಡದವನ ಹೆಸರೂ ಸರಿಯಿದೆ. 'ಮೊದಲಿನಿಂದಲೂ ವಂಚಿಸುವ ದುರುದ್ದೇಶದಿಂದ' ಎಂಬ ಮಾತು ಕಣ್ಣಿಗೆ ಬಿದ್ದು ಮನಸ್ಸಿಗೆ ಸಮಾಧಾನವಾಗುತ್ತದೆ. ಮೂರನೇ ಪುಟದವರೆಗೆ ಹೋಗುವ ವ್ಯವಧಾನ ಇರುವುದಿಲ್ಲ. ಓಕೆ ಅಂದುಬಿಡುತ್ತಾರೆ.

ಚೆಕ್ ಬೌನ್ಸ್ ಪ್ರಕರಣದಲ್ಲಿ ಎಲ್ಲ ಇರುವುದು ಆ ಮೂರನೇ ಪುಟದಲ್ಲೇ. ಬೇರೆ ವ್ಯವಹಾರಗಳಲ್ಲಿ ಲಾಯರ್ ನೋಟಿಸ್ ಎಂದರೆ ಹೆಚ್ಚಾಗಿ ಒಂದು ಎಚ್ಚರಿಕೆಯ ಪತ್ರ. ಅದರಲ್ಲಿ ಒಂದು ಅಂಕಿ ಹೆಚ್ಚುಕಡಿಮೆಯಾದರೂ ದಾವೆ ಹೂಡುವಾಗ ಸರಿಪಡಿಸಿಕೊಳ್ಳಬಹುದು. ಚೆಕ್ಕಿನ ವಿಷಯ ಹಾಗಲ್ಲ. ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್ ಪ್ರಕಾರ ಚೆಕ್ ವಾಪಸಾದ ಮಾತ್ರಕ್ಕೆ ಅಪರಾಧ ಆಗುವುದಿಲ್ಲ. ಬ್ಯಾಂಕಿನಿಂದ ಮಾಹಿತಿ ಬಂದ 30 ದಿನಗಳೊಳಗೆ ಆ ಚೆಕ್ಕಿನ ಹಣ ಕೊಡಿ ಎಂದು ಲಿಖಿತವಾಗಿ ಕೇಳಿರಬೇಕು, ಆ ನೋಟಿಸ್ ತಲುಪಿದ ಮೇಲೆ 15 ದಿನ ಕಳೆದರೂ ಆತ ಕೊಡದೇ ಇರಬೇಕು. ಆಗಷ್ಟೇ ಅಪರಾಧ ಪೂರ್ಣವಾಗುತ್ತದೆ. ಅಂದರೆ ನೋಟಿಸೇ ಅಪರಾಧದ ಒಂದು ಅಂಗ. ನೋಟಿಸ್ ಕೆಟ್ಟರೆ ಕೇಸು ದುರ್ಬಲವಾಗುತ್ತದೆ ಎನ್ನುವುದು ಕಡಿಮೆ ಹೇಳಿದಂತೆ. ಆ ನೋಟಿಸಿನ ಮೇಲೆ ಕೇಸೇ ನಿಲ್ಲುವುದಿಲ್ಲ.

ಇದು ಎಷ್ಟು ಕಟ್ಟುನಿಟ್ಟು ಎಂಬುದನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್‌ನಲ್ಲಿ ಕಾವೇರಿ ಪ್ಲಾಸ್ಟಿಕ್ಸ್ ಪ್ರಕರಣದಲ್ಲಿ ಮತ್ತೊಮ್ಮೆ ಹೇಳಿತು. ಅಲ್ಲಿ ಚೆಕ್ ಇದ್ದದ್ದು 1 ಕೋಟಿ ರೂಪಾಯಿಗೆ. ನೋಟಿಸಿನಲ್ಲಿ ಕೇಳಿದ್ದು 2 ಕೋಟಿ. ಅದಾದ ಮೇಲೆ ಕಳಿಸಿದ ಇನ್ನೊಂದು ನೋಟಿಸಿನಲ್ಲೂ ಅದೇ 2 ಕೋಟಿ ಮುಂದುವರಿಯಿತು. ಇದು ಬರೀ ಟೈಪಿಂಗ್ ದೋಷ, ಯಾವ ಚೆಕ್ಕಿನ ಬಗ್ಗೆ ಮಾತು ಎಂಬುದು ಎದುರಾಳಿಗೆ ಚೆನ್ನಾಗಿ ಗೊತ್ತಿತ್ತು ಎಂದು ದೂರುದಾರರ ಕಡೆಯವರು ವಾದಿಸಿದರು. ಆಗಿನ ಮುಖ್ಯ ನ್ಯಾಯಮೂರ್ತಿ ಬಿ.ಆರ್. ಗವಾಯಿ ಮತ್ತು ನ್ಯಾಯಮೂರ್ತಿ ಎನ್.ವಿ. ಅಂಜಾರಿಯಾ ಅವರಿದ್ದ ಪೀಠ ಒಪ್ಪಲಿಲ್ಲ. ನೋಟಿಸಿನಲ್ಲಿ ಕೇಳುವ ಮೊತ್ತ ಚೆಕ್ಕಿನ ಮೊತ್ತವೇ ಆಗಿರಬೇಕು, ಟೈಪಿಂಗ್ ದೋಷ ಎಂಬ ಸಮಜಾಯಿಷಿಗೆ ಇಲ್ಲಿ ಜಾಗವಿಲ್ಲ ಎಂದಿತು. ಕೋಟಿ ರೂಪಾಯಿಯ ಚೆಕ್ಕಿನ ಕ್ರಿಮಿನಲ್ ಪ್ರಕರಣ ಒಂದು ಅಂಕಿಯ ದೆಸೆಯಿಂದ ಮುಗಿಯಿತು.

ಆದ್ದರಿಂದ ಕರಡು ಬಂದಾಗ ಅದನ್ನು ಓದುವ ಕೆಲಸ ವಕೀಲರದ್ದು ಮಾತ್ರ ಎಂದುಕೊಳ್ಳಬೇಡಿ. ಕಾನೂನು ಅವರಿಗೆ ಗೊತ್ತು ನಿಜ. ಆದರೆ ಯಾವ ಬಿಲ್ಲಿಗೆ ಎಷ್ಟು ಬಂತು, ಚೆಕ್ ಯಾವಾಗ ಕೈಗೆ ಬಂತು, ನಡುವೆ ಫೋನ್‌ಪೇನಲ್ಲಿ ಬಂದ ಹಣ ಯಾವ ಲೆಕ್ಕಕ್ಕೆ ಎಂಬುದು ಗೊತ್ತಿರುವುದು ನಿಮಗೆ. ಕಚೇರಿಯಲ್ಲಿ ಜೂನಿಯರ್ ಒಬ್ಬರು ಹಳೆಯ ನೋಟಿಸಿನ ಫೈಲ್ ತೆರೆದು, ಹೆಸರು, ಅಂಕಿ, ದಿನಾಂಕ ಬದಲಿಸಿ ನಿಮ್ಮದನ್ನು ತಯಾರಿಸಿರುವ ಸಾಧ್ಯತೆ ದೊಡ್ಡದು. ಅದರಲ್ಲಿ ತಪ್ಪೇನಿಲ್ಲ, ಎಲ್ಲ ಕಡೆ ಕೆಲಸ ನಡೆಯುವುದೇ ಹಾಗೆ. ಬದಲಿಸದೇ ಉಳಿದ ಒಂದು ಸಾಲು ಮಾತ್ರ ಅಪಾಯ.

ಒಂದು ಉದಾಹರಣೆ ಕಟ್ಟಿಕೊಂಡು ನೋಡೋಣ. ದಾವಣಗೆರೆಯ ಹಾರ್ಡ್‌ವೇರ್ ವ್ಯಾಪಾರಿಯೊಬ್ಬರು ಹುಬ್ಬಳ್ಳಿಯ ಒಂದು ಕಟ್ಟಡ ನಿರ್ಮಾಣದ ಪ್ರೈವೇಟ್ ಲಿಮಿಟೆಡ್ ಕಂಪನಿಗೆ ಪೈಪು, ಫಿಟಿಂಗ್ಸ್ ಕೊಟ್ಟಿದ್ದಾರೆ. ಮೂರು ಬಿಲ್ ಸೇರಿ 3,80,000 ರೂಪಾಯಿ. ಏಪ್ರಿಲ್‌ನಲ್ಲಿ ಕಂಪನಿಯ ಡೈರೆಕ್ಟರ್ ಯುಪಿಐನಲ್ಲಿ 40,000 ಕಳಿಸಿದರು. ಉಳಿದ 3,40,000ಕ್ಕೆ ಕಂಪನಿ ಖಾತೆಯ ಚೆಕ್ ಕೊಟ್ಟರು. ಚೆಕ್ ಸಂಖ್ಯೆ 004517, ದಿನಾಂಕ 5-5-2025. ವ್ಯಾಪಾರಿ ಮೇ 12ರಂದು ಅದನ್ನು ತಮ್ಮ ಬ್ಯಾಂಕಿಗೆ ಹಾಕಿದರು. ಮೇ 14ರ ದಿನಾಂಕದ ರಿಟರ್ನ್ ಮೆಮೊ ಅವರ ಕೈಸೇರಿದ್ದು ಮೇ 16ರಂದು. ಕಾರಣ: ಖಾತೆಯಲ್ಲಿ ಸಾಕಷ್ಟು ಹಣ ಇಲ್ಲ. ವಕೀಲರ ಕರಡಿಗೆ ಹಾಕಿದ ದಿನಾಂಕ ಮೇ 28.

ಕರಡಿನ ಕೊನೆಯ ಪ್ಯಾರಾ ಹೀಗಿದೆ:

'ಆದ್ದರಿಂದ ತಾವು ನಮ್ಮ ಕಕ್ಷಿದಾರರಿಗೆ ಕೊಡಬೇಕಾದ ಒಟ್ಟು ಬಾಕಿ, ಶೇ. 18ರಂತೆ ಬಡ್ಡಿ ಹಾಗೂ ನೋಟಿಸ್ ವೆಚ್ಚ ಸೇರಿ ರೂ. 4,07,800ನ್ನು ಈ ನೋಟಿಸಿನ ದಿನಾಂಕದಿಂದ 7 ದಿನಗಳೊಳಗೆ ಪಾವತಿಸಿ ಅಥವಾ ಬದಲಿ ಚೆಕ್ ನೀಡಿ ವಿಷಯವನ್ನು ಇತ್ಯರ್ಥಪಡಿಸಿಕೊಳ್ಳಲು ಕೋರಲಾಗಿದೆ. ತಪ್ಪಿದಲ್ಲಿ ಸೂಕ್ತ ಕಾನೂನು ಕ್ರಮ ಜರುಗಿಸಲಾಗುವುದು.'

ಕೇಳಲು ಏನೂ ಕೊರತೆ ಇಲ್ಲ, ಅಲ್ಲವೇ? ಇಂಥ ಸಾವಿರಾರು ನೋಟಿಸುಗಳು ಪ್ರತಿದಿನ ಅಂಚೆಗೆ ಬೀಳುತ್ತವೆ. ನಾನು ಮೊದಲು ಓದುವುದು ಈ ಪ್ಯಾರಾವನ್ನೇ. ಇದು ಸರಿಯಿಲ್ಲದಿದ್ದರೆ ಮೇಲಿನ ಎರಡು ಪುಟ ಎಷ್ಟು ಚೆನ್ನಾಗಿದ್ದರೂ ಪ್ರಯೋಜನವಿಲ್ಲ.

ಮೊದಲು ಮೊತ್ತ ನೋಡಿ. ಚೆಕ್ಕಿನಲ್ಲಿರುವ 3,40,000 ಈ ಪ್ಯಾರಾದಲ್ಲಿ ಎಲ್ಲಿಯೂ ಇಲ್ಲ. 3,80,000 ಅಸಲು, ತಿಂಗಳಿಗೆ 5,700ರಂತೆ ನಾಲ್ಕು ತಿಂಗಳ ಬಡ್ಡಿ 22,800, ನೋಟಿಸ್ ಖರ್ಚು 5,000, ಎಲ್ಲವನ್ನೂ ಕಲಸಿ ಒಂದೇ ಮುದ್ದೆ ಮಾಡಲಾಗಿದೆ. ಕಾಯ್ದೆ ಹೇಳುವುದು 'ಆ ಮೊತ್ತ'ವನ್ನು ಕೇಳಬೇಕು ಎಂದು. ಆ ಮೊತ್ತ ಎಂದರೆ ಚೆಕ್ಕಿನ ಮೊತ್ತ, ಒಟ್ಟು ವ್ಯವಹಾರದ ಬಾಕಿ ಅಲ್ಲ. ರಾಹುಲ್ ಬಿಲ್ಡರ್ಸ್ ಪ್ರಕರಣದಲ್ಲಿ ಚೆಕ್ 1,00,000 ರೂಪಾಯಿಯದು. ನೋಟಿಸಿನಲ್ಲಿ ಕೇಳಿದ್ದು ಬಿಲ್ಲುಗಳ ಒಟ್ಟು ಬಾಕಿ 8,72,409. ಒಂದು ಲಕ್ಷ ಕೊಡಿ ಎಂದು ಎಲ್ಲಿಯೂ ಬೇರೆಯಾಗಿ ಕೇಳಿರಲಿಲ್ಲ. 2007ರಲ್ಲಿ ಸುಪ್ರೀಂ ಕೋರ್ಟ್ ಆ ನೋಟಿಸನ್ನು ಒಪ್ಪಲಿಲ್ಲ. ಇದರ ತರ್ಕ ಸರಳ. ನೋಟಿಸ್ ಪಡೆದವನಿಗೆ ಜೈಲಿನ ಭಯದಿಂದ ಪಾರಾಗುವ ಒಂದು ಅವಕಾಶ ಕೊಡಬೇಕು. ಎಷ್ಟು ಕೊಟ್ಟರೆ ಪಾರಾಗುತ್ತೇನೆ ಎಂಬುದು ಅವನಿಗೆ ಆ ಕಾಗದದಿಂದಲೇ ಗೊತ್ತಾಗಬೇಕು. ಎಂಟು ಲಕ್ಷಕ್ಕೂ ಹೆಚ್ಚು ಕೇಳಿದರೆ ಒಂದು ಲಕ್ಷ ಕೊಟ್ಟರೆ ಸಾಕೆಂದು ಅವನು ಊಹಿಸಬೇಕೇ?

ಹಾಗಾದರೆ ಬಡ್ಡಿ, ಖರ್ಚು ಕೇಳಲೇಬಾರದೇ? ಕೇಳಬಹುದು, ಬೇರೆಯಾಗಿ. ಸುಮನ್ ಸೇಠಿ ಪ್ರಕರಣದಲ್ಲಿ ಚೆಕ್ 20 ಲಕ್ಷದ್ದು. ನೋಟಿಸಿನಲ್ಲಿ ಆ 20 ಲಕ್ಷವನ್ನು ಸ್ಪಷ್ಟವಾಗಿ ಹೇಳಿ, ಅದರ ಜತೆ ಇತರ ಖರ್ಚು ಮತ್ತು ನೋಟಿಸ್ ವೆಚ್ಚವನ್ನು ಪ್ರತ್ಯೇಕವಾಗಿ ತೋರಿಸಿದ್ದರು. 2000ನೇ ಇಸವಿಯಲ್ಲಿ ಸುಪ್ರೀಂ ಕೋರ್ಟ್ ಆ ನೋಟಿಸನ್ನು ಎತ್ತಿಹಿಡಿಯಿತು. ಚೆಕ್ ಮೊತ್ತ ಎದ್ದು ಕಾಣುವಂತಿದ್ದು, ಮಿಕ್ಕದ್ದನ್ನು ಅದರಿಂದ ಬಿಡಿಸಬಹುದಾದರೆ ನೋಟಿಸ್ ಕೆಡುವುದಿಲ್ಲ. ನಮ್ಮ ದಾವಣಗೆರೆಯ ಕರಡಿನಲ್ಲಿ ಬಿಡಿಸಲು ಬರುವುದಿಲ್ಲ. 4,07,800 ಎಂಬ ಒಂದೇ ಅಂಕಿ ಇದೆ, ಅದರೊಳಗೆ ಚೆಕ್ ಮೊತ್ತ ಎಷ್ಟೆಂದು ಹೇಳಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಕ್ರಿಮಿನಲ್ ನೋಟಿಸಿನಲ್ಲಿ ಬಡ್ಡಿಯ ಅಂಕಿ ಹಾಕುವ ಆಸೆಯನ್ನೇ ಬಿಡುವುದು ಲೇಸು. ಬಡ್ಡಿ ವಸೂಲಿಯ ಹಕ್ಕನ್ನು ಕಾಯ್ದಿರಿಸಿದೆ ಎಂಬ ಒಂದು ವಾಕ್ಯ ಸಾಕು. ಅದಕ್ಕೆ ಸಿವಿಲ್ ದಾವೆಯ ದಾರಿ ಇದ್ದೇ ಇದೆ.

ಎರಡನೆಯದು, ಕೇಳುವ ಮಾತಿನ ಧಾಟಿ. 'ಪಾವತಿಸಿ ಅಥವಾ ಬದಲಿ ಚೆಕ್ ನೀಡಿ ವಿಷಯವನ್ನು ಇತ್ಯರ್ಥಪಡಿಸಿಕೊಳ್ಳಲು ಕೋರಲಾಗಿದೆ' ಎನ್ನುತ್ತದೆ ಕರಡು. ಇಲ್ಲಿ ಹಣದ ತಗಾದೆ ಇದೆಯೋ, ರಾಜಿಗೆ ಕರೆಯೋ? ಬದಲಿ ಚೆಕ್ ಕೊಟ್ಟರೂ ಆದೀತು ಎಂದು ನೀವೇ ಬರೆದುಕೊಟ್ಟಿದ್ದೀರಿ. ಹದಿನಾಲ್ಕನೇ ದಿನ ಆತ ಮೂರು ತಿಂಗಳ ಮುಂದಿನ ದಿನಾಂಕದ ಇನ್ನೊಂದು ಚೆಕ್ ಬರೆದು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದ ಎನ್ನಿ. ನೀವು ಕೇಳಿದ್ದನ್ನೇ ನಾನು ಕೊಟ್ಟೆ ಎನ್ನುವ ವಾದ ಅವನ ಕೈಯಲ್ಲಿ ಸಿದ್ಧ. 'ನಮ್ಮ ಕಚೇರಿಗೆ ಬಂದು ಮಾತಾಡಿ', 'ಮಾಲು ವಾಪಸು ಕೊಡಿ ಇಲ್ಲವೇ ಹಣ ಕೊಡಿ', 'ಹಣದ ವ್ಯವಸ್ಥೆ ಮಾಡಿಕೊಳ್ಳಿ' ಎಂಬ ಮಾತುಗಳೂ ಇದೇ ಜಾತಿಯವು.

ಮೃದುವಾಗಿ ಕೇಳಿದ್ದೇ ತಪ್ಪು ಎಂದು ಅರ್ಥವಲ್ಲ. 1999ರ ಸ್ಯಾಕ್ಸನ್ಸ್ ಫಾರ್ಮ್ಸ್ ಪ್ರಕರಣದಲ್ಲಿ ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾ ಕಳಿಸಿದ್ದ ನೋಟಿಸಿನಲ್ಲಿ, ಅಹಿತಕರ ಕ್ರಮವನ್ನು ತಪ್ಪಿಸಲು ದಯವಿಟ್ಟು ಪಾವತಿಗೆ ವ್ಯವಸ್ಥೆ ಮಾಡಿ ಎಂಬರ್ಥದ ಸೌಮ್ಯ ಮಾತೇ ಇತ್ತು. ಸುಪ್ರೀಂ ಕೋರ್ಟ್ ಅದನ್ನು ಸಾಕಷ್ಟು ಸ್ಪಷ್ಟವಾದ ಬೇಡಿಕೆ ಎಂದೇ ಒಪ್ಪಿತು. ನೋಟಿಸಿಗೆ ಇಂಥದ್ದೇ ನಮೂನೆ ಎಂದು ಕಾಯ್ದೆ ಹೇಳಿಲ್ಲ. ಆದರೆ ಆ ಬ್ಯಾಂಕು ಅಷ್ಟನ್ನು ಸಾಬೀತುಪಡಿಸಲು ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು ಎಂಬುದನ್ನು ಮರೆಯುವುದು ಬೇಡ. ಒಂದು ನೇರ ವಾಕ್ಯ ಬರೆದಿದ್ದರೆ ಆ ಪ್ರಯಾಣ ತಪ್ಪುತ್ತಿತ್ತು.

ಇದಕ್ಕೆ ವಿರುದ್ಧವಾದ ಚಪಲವೂ ಇದೆ. ಕಕ್ಷಿದಾರರು ಕರಡು ಓದಿ 'ಇನ್ನೂ ಸ್ವಲ್ಪ ಖಾರವಾಗಿ ಬರೆಯಿರಿ ಸಾರ್' ಎನ್ನುತ್ತಾರೆ. ಆಗ 'ಮೋಸಗಾರ', 'ಪೊಲೀಸರಿಂದ ಎಳೆದೊಯ್ಯಿಸಲಾಗುವುದು' ಎಂಬಂಥ ಮಾತು ಸೇರಿಕೊಳ್ಳುತ್ತವೆ. ಬೇಡಿಕೆ ಗಟ್ಟಿಯಾಗುವುದು ಬೈಗುಳದಿಂದಲ್ಲ. ಯಾರು, ಯಾವ ಚೆಕ್ಕಿನ, ಎಷ್ಟು ಹಣವನ್ನು, ಯಾರಿಗೆ, ಎಷ್ಟು ದಿನದೊಳಗೆ ಕೊಡಬೇಕು ಎಂಬುದು ಒಂದೇ ವಾಕ್ಯದಲ್ಲಿ ಸಿಕ್ಕರೆ ಅದೇ ಗಟ್ಟಿ ಬೇಡಿಕೆ. ಖಾರ ಬೇಕಿದ್ದರೆ ಊಟದಲ್ಲಿ ಹಾಕಿಕೊಳ್ಳಬಹುದು.

ಇನ್ನು ಗಡುವು. ಕರಡಿನಲ್ಲಿರುವುದು 'ಈ ನೋಟಿಸಿನ ದಿನಾಂಕದಿಂದ 7 ದಿನ'. ನೋಟಿಸಿನ ದಿನಾಂಕ ಮೇ 28. ನೀವು ಓಕೆ ಅಂದು, ಪ್ರಿಂಟ್ ತೆಗೆದು, ಸಹಿಯಾಗಿ, ಗುಮಾಸ್ತರು ಅಂಚೆಗೆ ಹಾಕುವುದು ಮೇ 30ರ ಶುಕ್ರವಾರ ಎನ್ನೋಣ. ನಡುವೆ ಭಾನುವಾರ. ಹುಬ್ಬಳ್ಳಿಯ ವಿಳಾಸಕ್ಕೆ ಅದು ತಲುಪಿದ್ದು ಜೂನ್ 4ರ ಬುಧವಾರ. ಮೇ 28ರಿಂದ ಏಳು ದಿನ ಎಣಿಸಿ: ಜೂನ್ 4. ಲಕೋಟೆ ಒಡೆದ ದಿನವೇ ಗಡುವು ಮುಗಿಯುತ್ತದೆ. ಯಾವ ಕಂಪನಿಯೂ ಅಂದು ಸಂಜೆಯೊಳಗೆ ನಾಲ್ಕು ಲಕ್ಷ ಹೊಂದಿಸಿ ಕೊಡುವುದಿಲ್ಲ. ಇದು ನಿಮಗೂ ಗೊತ್ತು, ಅವರಿಗೂ ಗೊತ್ತು, ಮುಂದೆ ಕಾಗದ ನೋಡುವ ನ್ಯಾಯಾಧೀಶರಿಗೂ ಗೊತ್ತಾಗುತ್ತದೆ.

ಕಾಯ್ದೆ ಕೊಟ್ಟಿರುವುದು ನೋಟಿಸ್ ಕೈಸೇರಿದ ಮೇಲೆ 15 ದಿನ. ನೀವು ನೋಟಿಸಿನಲ್ಲಿ ಏಳು ಎಂದು ಬರೆದರೂ ಇಪ್ಪತ್ತನಾಲ್ಕು ಗಂಟೆ ಎಂದು ಬರೆದರೂ ಆ ಹದಿನೈದು ಕುಗ್ಗುವುದಿಲ್ಲ. ಕುಗ್ಗಿತೆಂದು ನಂಬಿ ಅವಸರ ಮಾಡಿದವರಿಗೇ ಪೆಟ್ಟು. ಏಳು ದಿನ ಆಯಿತು, ಇನ್ನು ಕೇಸು ಹಾಕಿ ಎಂದು ಕಕ್ಷಿದಾರರು ಒತ್ತಡ ಹೇರುತ್ತಾರೆ, ದೂರು ದಾಖಲಾಗಿಬಿಡುತ್ತದೆ. ಯೋಗೇಂದ್ರ ಪ್ರತಾಪ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ 2014ರಲ್ಲಿ ಸ್ಪಷ್ಟಪಡಿಸಿತು: ಹದಿನೈದು ದಿನ ತುಂಬುವ ಮೊದಲು ಹಾಕಿದ ದೂರು ಕಾನೂನಿನ ಕಣ್ಣಲ್ಲಿ ದೂರೇ ಅಲ್ಲ. ಅದು ಕೋರ್ಟಿನಲ್ಲಿ ಬಾಕಿ ಇರುವಾಗ ಹದಿನೈದು ದಿನ ತುಂಬಿದರೂ ಅದಕ್ಕೆ ಜೀವ ಬರುವುದಿಲ್ಲ, ಹೊಸದಾಗಿ ದೂರು ಕೊಡಬೇಕು.

ಹಾಗೆಂದು ಧಾರಾಳಿಯಾಗುವುದೂ ಅಪಾಯ, ಇದು ಬಹಳ ಜನರಿಗೆ ಹೊಳೆಯುವುದಿಲ್ಲ. ಹಳೆಯ ಗಿರಾಕಿ, ಪಾಪ, ಒಂದು ತಿಂಗಳು ಕೊಡೋಣ ಎಂದು '30 ದಿನಗಳೊಳಗೆ' ಎಂದು ಬರೆಸುವವರಿದ್ದಾರೆ. ನೋಟಿಸ್ ಜೂನ್ 4ಕ್ಕೆ ತಲುಪಿದರೆ, ಆ ದಿನವನ್ನು ಬಿಟ್ಟು ಎಣಿಸಿದಾಗ ಜೂನ್ 19ಕ್ಕೆ ಹದಿನೈದು ದಿನ ತುಂಬುತ್ತದೆ. ಜೂನ್ 20ಕ್ಕೆ ದೂರು ಕೊಡುವ ಹಕ್ಕು ಹುಟ್ಟುತ್ತದೆ, ಅಲ್ಲಿಂದ ಒಂದು ತಿಂಗಳೊಳಗೆ, ಅಂದರೆ ಜುಲೈ 20ರೊಳಗೆ ದೂರು ಕೋರ್ಟಿನಲ್ಲಿರಬೇಕು. ನೀವು ಮೂವತ್ತು ದಿನದ ಗಡುವು ಕೊಟ್ಟರೆ ಅದು ಮುಗಿಯುವುದು ಜುಲೈ 4ಕ್ಕೆ. ಕಾಯ್ದೆಯ ಗಡಿಯಾರ ನಿಮ್ಮ ಔದಾರ್ಯವನ್ನು ಕಾಯುತ್ತಾ ನಿಲ್ಲುವುದಿಲ್ಲ; ನಿಮ್ಮ ತಿಂಗಳಲ್ಲಿ ಅರ್ಧ ಅಲ್ಲಿಗೇ ಕರಗಿತು. ಅದೂ 2025ರ ಜುಲೈ 20 ಭಾನುವಾರ. ತಡವಾದರೆ ಸಕಾರಣ ತೋರಿಸಿ ಕ್ಷಮೆ ಕೇಳುವ ಅವಕಾಶ 2002ರ ತಿದ್ದುಪಡಿಯಿಂದ ಬಂದಿದೆ. ಆದರೆ 'ನಾವೇ ಹೆಚ್ಚು ದಿನ ಕೊಟ್ಟೆವು' ಎಂಬ ಕಾರಣ ಹಿಡಿದು ಕೋರ್ಟಿನ ಮುಂದೆ ನಿಲ್ಲುವ ಸ್ಥಿತಿ ಯಾಕೆ ತಂದುಕೊಳ್ಳಬೇಕು? ಗಿರಾಕಿಯ ಮೇಲೆ ಕನಿಕರವಿದ್ದರೆ ನೋಟಿಸಿನಲ್ಲಿ 15 ದಿನವನ್ನೇ ಬರೆದು, ಫೋನಿನಲ್ಲಿ ಬೇಕಾದಷ್ಟು ಮಾತಾಡಿ.

ಗಡುವು ಪಾಲಿಸಲು ಸಾಧ್ಯವಾಗುವಂತೆ ಇರುವುದೆಂದರೆ ದಿನಗಳ ಸಂಖ್ಯೆ ಮಾತ್ರವಲ್ಲ. ಹಣವನ್ನು ಎಲ್ಲಿಗೆ, ಹೇಗೆ ಕೊಡಬೇಕು ಎಂಬುದೂ ಇರಬೇಕು. 'ಖುದ್ದಾಗಿ ಬಂದು ನಗದು ಪಾವತಿಸತಕ್ಕದ್ದು' ಎಂದು ಬರೆದ ಕರಡುಗಳನ್ನು ಕಂಡಿದ್ದೇನೆ. ಮೂರೂವರೆ ಲಕ್ಷ ನಗದು ಕೇಳುವುದು ಆದಾಯ ತೆರಿಗೆಯ ದೃಷ್ಟಿಯಿಂದಲೇ ತಲೆನೋವು. ನಿಮ್ಮ ಖಾತೆ ಸಂಖ್ಯೆ ಮತ್ತು ಐಎಫ್‌ಎಸ್‌ಸಿ ಕೋಡ್ ಕೊಟ್ಟುಬಿಟ್ಟರೆ ಕೊಡುವ ಮನಸ್ಸಿದ್ದವನಿಗೆ ನೆಪ ಇರುವುದಿಲ್ಲ, ಕೊಡದವನಿಗೆ ವಾದ ಇರುವುದಿಲ್ಲ.

ಇಷ್ಟನ್ನೂ ಸೇರಿಸಿ ಆ ಪ್ಯಾರಾ ಹೀಗಾಗಬೇಕು:

'ಆದ್ದರಿಂದ ದಿನಾಂಕ 5-5-2025ರ, 004517 ಸಂಖ್ಯೆಯ ಚೆಕ್ಕಿನ ಮೊತ್ತವಾದ ರೂ. 3,40,000 (ಮೂರು ಲಕ್ಷ ನಲವತ್ತು ಸಾವಿರ ಮಾತ್ರ) ಹಣವನ್ನು ಈ ನೋಟಿಸ್ ತಮಗೆ ತಲುಪಿದ ದಿನದಿಂದ 15 ದಿನಗಳೊಳಗೆ ನಮ್ಮ ಕಕ್ಷಿದಾರರಿಗೆ, ಕೆಳಗೆ ಕಾಣಿಸಿದ ಬ್ಯಾಂಕ್ ಖಾತೆಯ ಮೂಲಕ ಪಾವತಿಸಬೇಕೆಂದು ಈ ಮೂಲಕ ತಗಾದೆ ಮಾಡಲಾಗಿದೆ. ತಪ್ಪಿದಲ್ಲಿ 138ನೇ ಸೆಕ್ಷನ್ ಅಡಿ ದೂರು ದಾಖಲಿಸಲಾಗುವುದು. ಬಡ್ಡಿ ಹಾಗೂ ವೆಚ್ಚಗಳನ್ನು ಪ್ರತ್ಯೇಕವಾಗಿ ವಸೂಲು ಮಾಡುವ ಹಕ್ಕನ್ನು ನಮ್ಮ ಕಕ್ಷಿದಾರರು ಕಾಯ್ದಿರಿಸಿಕೊಂಡಿದ್ದಾರೆ.'

ಈಗ ಮೇಲಿನ ಪುಟಗಳಿಗೆ ಹೋಗೋಣ. ಇಲ್ಲಿ ಓದುವ ಕ್ರಮವೇ ಬೇರೆ. ಕರಡನ್ನು ಒಂದು ಕೈಯಲ್ಲಿ, ಚೆಕ್ ಮತ್ತು ರಿಟರ್ನ್ ಮೆಮೊದ ನಕಲನ್ನು ಇನ್ನೊಂದು ಕೈಯಲ್ಲಿ ಹಿಡಿದು, ಅಂಕಿ ಬಂದಲ್ಲೆಲ್ಲ ಬೆರಳಿಟ್ಟು ಹೋಲಿಸಬೇಕು. ನೆನಪಿನಿಂದ ಹೋಲಿಸಿದರೆ ಕಣ್ಣು ತನಗೆ ಬೇಕಾದುದನ್ನೇ ಓದುತ್ತದೆ. ನಮ್ಮ ಕರಡಿನಲ್ಲಿ ಒಂದು ಕಡೆ ಚೆಕ್ ಸಂಖ್ಯೆ 004571 ಎಂದಾಗಿದೆ. ಮೆಮೊದ ದಿನಾಂಕ 14ರ ಬದಲು 12, ಅಂದರೆ ಚೆಕ್ ಹಾಕಿದ ದಿನ. ಇಂಥ ಪ್ರತಿಯೊಂದು ತಪ್ಪೂ ಕೇಸನ್ನು ಮುಳುಗಿಸುತ್ತದೆ ಎಂದೇನಿಲ್ಲ. ಮೊತ್ತದ ತಪ್ಪಿಗಿರುವ ವಿಷ ಇವಕ್ಕಿಲ್ಲ. ಆದರೆ ಪಾಟಿ ಸವಾಲಿನಲ್ಲಿ ಅರ್ಧ ದಿನ ತಿನ್ನಲು ಇವೇ ಸಾಕು.

ಚೆಕ್ಕಿನ ಮುಖವನ್ನೂ ಓದಿ. ಸಹಿಯ ಮೇಲೆ ಕಂಪನಿಯ ಹೆಸರು ಅಚ್ಚಾಗಿದೆ, ಕೆಳಗೆ ಡೈರೆಕ್ಟರ್ ಎಂದಿದೆ. ನಮ್ಮ ಕರಡು ಹೋಗುತ್ತಿರುವುದು ಮಾತ್ರ ಡೈರೆಕ್ಟರ್ ಒಬ್ಬರ ಹೆಸರಿಗೆ, 'ಗುತ್ತಿಗೆದಾರರು' ಎಂಬ ವಿಶೇಷಣದೊಂದಿಗೆ. ವ್ಯಾಪಾರಿಗೆ ಅದು ಸಹಜ. ಮಾತಾಡಿದ್ದು, ಮಾಲು ಒಯ್ದದ್ದು, ಚೆಕ್ ಕೊಟ್ಟದ್ದು ಎಲ್ಲ ಅದೇ ಮನುಷ್ಯ. ಆದರೆ ಚೆಕ್ ಕಂಪನಿಯದು. ನಮ್ಮ ಕರ್ನಾಟಕ ಹೈಕೋರ್ಟಿನಿಂದ ಹೋದ ಹಿಮಾಂಶು ಪ್ರಕರಣದಲ್ಲಿ ಇದೇ ಆಯಿತು. ಕಂಪನಿಯ ಪರವಾಗಿ ಡೈರೆಕ್ಟರ್ ಸಹಿ ಮಾಡಿದ ಚೆಕ್. ನೋಟಿಸ್ ಅವರಿಗೆ ಮಾತ್ರ, ಕಂಪನಿಗೆ ಹೋಗಿರಲಿಲ್ಲ, ದೂರಿನಲ್ಲೂ ಕಂಪನಿ ಇರಲಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್, ಕಂಪನಿಗೆ ನೋಟಿಸೇ ಹೋಗದ ಮೇಲೆ ಅದನ್ನು ಈಗ ಆರೋಪಿಯಾಗಿ ಸೇರಿಸಲೂ ಬರುವುದಿಲ್ಲ ಎಂದು ಪ್ರಕರಣವನ್ನು ಮುಗಿಸಿತು. ಕಂಪನಿಯ ನೋಂದಾಯಿತ ವಿಳಾಸಕ್ಕೆ ಒಂದು, ಡೈರೆಕ್ಟರ್ ವಿಳಾಸಕ್ಕೆ ಒಂದು ಎಂದು ಎರಡು ಲಕೋಟೆ ಕಳಿಸಲು ಎಷ್ಟು ಖರ್ಚು? ವಿಳಾಸ ಸರಿಯಿದ್ದರೆ ಇನ್ನೊಂದು ಲಾಭವಿದೆ. ಆತ ಲಕೋಟೆ ಬೇಡವೆಂದು ಹಿಂತಿರುಗಿಸಿದರೂ ತಲುಪಿದೆ ಎಂದೇ ಕೋರ್ಟ್ ಭಾವಿಸಬಹುದು. 2007ರ ಅಲವಿ ಹಾಜಿ ಪ್ರಕರಣ ಅದನ್ನು ಹೇಳಿದೆ.

ವ್ಯವಹಾರದ ಕಥೆ ಬರುವ ಪ್ಯಾರಾದಲ್ಲಿ ಕರಡು ಹೇಳುತ್ತದೆ: 'ತಾವು ರೂ. 3,80,000 ಬಾಕಿ ಉಳಿಸಿಕೊಂಡು, ಅದರ ತೀರುವಳಿಗಾಗಿ ಸದರಿ ಚೆಕ್ ನೀಡಿರುತ್ತೀರಿ.' ಹಾಗಿದ್ದರೆ ಚೆಕ್ ಯಾಕೆ 3,40,000ಕ್ಕೆ? ಏಪ್ರಿಲ್‌ನ 40,000 ಎಲ್ಲಿ ಹೋಯಿತು? ವ್ಯಾಪಾರಿ ಅದನ್ನು ವಕೀಲರಿಗೆ ಹೇಳಲು ಮರೆತಿದ್ದಾರೆ, ಅಷ್ಟೇ. ಎದುರಾಳಿ ಯುಪಿಐ ವಿವರ ತೆಗೆದು ತೋರಿಸಿದ ದಿನ, ಪಡೆದ ಹಣವನ್ನೇ ಮುಚ್ಚಿಟ್ಟವರು ಎಂಬ ಬಣ್ಣ ಹತ್ತುತ್ತದೆ.

ಆ 40,000 ಚೆಕ್ ಕೊಡುವ ಮುಂಚೆ ಬಂದದ್ದು ನಮ್ಮ ವ್ಯಾಪಾರಿಯ ಅದೃಷ್ಟ. ಚೆಕ್ ಕೊಟ್ಟ ಮೇಲೆ, ಬ್ಯಾಂಕಿಗೆ ಹಾಕುವ ಮೊದಲು ಬಂದಿದ್ದರೆ ಕಥೆ ಬೇರೆ. ದಶರಥಭಾಯಿ ಪ್ರಕರಣದಲ್ಲಿ 20 ಲಕ್ಷದ ಚೆಕ್ ಕೊಟ್ಟ ಮೇಲೆ ನಾಲ್ಕು ಲಕ್ಷಕ್ಕೂ ಹೆಚ್ಚು ಹಣ ಸಂದಾಯವಾಗಿತ್ತು. ಆದರೂ ಪೂರ್ತಿ 20 ಲಕ್ಷಕ್ಕೇ ಚೆಕ್ ಹಾಕಿ, 20 ಲಕ್ಷವನ್ನೇ ನೋಟಿಸಿನಲ್ಲಿ ಕೇಳಿದ್ದರು. ಹಣ ಬಂದದ್ದನ್ನು ಚೆಕ್ಕಿನ ಮೇಲೆ ಬರೆದುಕೊಳ್ಳದೆ ಹಾಗೆಯೇ ಬ್ಯಾಂಕಿಗೆ ಹಾಕಿದರೆ, ಆ ಹೊತ್ತಿಗೆ ಚೆಕ್ ನಿಜವಾದ ಸಾಲವನ್ನು ಪ್ರತಿನಿಧಿಸುವುದಿಲ್ಲ, ಆದ್ದರಿಂದ ಅಪರಾಧವೂ ಆಗುವುದಿಲ್ಲ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಈ ಮಾಹಿತಿ ವಕೀಲರ ಬಳಿ ಇರುವುದಿಲ್ಲ, ನಿಮ್ಮ ಪಾಸ್‌ಬುಕ್ಕಿನಲ್ಲಿ ಇರುತ್ತದೆ. ಚೆಕ್ಕಿನ ದಿನಾಂಕದ ಹಿಂದುಮುಂದಿನ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು ನೋಡದೆ ಕರಡಿಗೆ ಒಪ್ಪಿಗೆ ಕೊಡಬಾರದು ಎನ್ನುವುದು ಇದಕ್ಕೇ.

ಇಷ್ಟೆಲ್ಲ ತಿದ್ದಲು ಸಮಯವಿದೆಯೇ? ರಿಟರ್ನ್ ಮಾಹಿತಿ ಬಂದ ದಿನದಿಂದ 30 ದಿನ. ಮೇ 16ರಿಂದ ಎಣಿಸಿದರೆ ಜೂನ್ 15, ಅದೂ ಭಾನುವಾರ. ಮೆಮೊ ಕೈಗೆ ಬಂದದ್ದು 16ಕ್ಕೆ ಎಂದು ಮುಂದೆ ಸಾಬೀತು ಮಾಡುವ ಗೋಜು ಬೇಡವೆಂದರೆ ಮೆಮೊದ ದಿನಾಂಕ 14ರಿಂದಲೇ ಎಣಿಸಿ, ಜೂನ್ 13ರ ಶುಕ್ರವಾರದೊಳಗೆ ಅಂಚೆಗೆ ಹಾಕಿಬಿಡಿ. ಮೇ 28ಕ್ಕೆ ಕರಡು ಬಂದಿದೆ ಎಂದರೆ ಎರಡು ವಾರ ಕೈಯಲ್ಲಿದೆ. 'ಇವತ್ತೇ ಪೋಸ್ಟ್' ಎಂಬ ಅವಸರಕ್ಕೆ ಕಾರಣವಿಲ್ಲ.

ಓಕೆ ಅಂದಾಗಿದೆ, ತಪ್ಪು ನೋಟಿಸ್ ಹೋಗಿಯೇಬಿಟ್ಟಿದೆ ಎನ್ನುವವರೂ ಇದನ್ನು ಓದುತ್ತಿರಬಹುದು. ಆ 30 ದಿನ ಇನ್ನೂ ಮುಗಿದಿಲ್ಲವಾದರೆ ಹಳೆಯದನ್ನು ಹಿಂಪಡೆದಿದ್ದೇವೆ ಎಂದು ಹೇಳಿ ಸರಿಯಾದ ನೋಟಿಸನ್ನು ಹೊಸದಾಗಿ ಕಳಿಸಲು ವಕೀಲರನ್ನು ಕೇಳಿ. ಮುಗಿದಿದ್ದರೆ ಚೆಕ್ಕಿನ ದಿನಾಂಕ ನೋಡಿ. 2012ರ ಏಪ್ರಿಲ್‌ನಿಂದ ಚೆಕ್ಕಿಗೆ ಮೂರು ತಿಂಗಳ ಆಯುಸ್ಸು. ಅದೇ ವರ್ಷ ಎಂಎಸ್‌ಆರ್ ಲೆದರ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತನ್ನ ಹಳೆಯ ನಿಲುವನ್ನು ಬದಲಿಸಿ, ಒಮ್ಮೆ ನೋಟಿಸ್ ಕೊಟ್ಟಿದ್ದರೂ ಅದೇ ಚೆಕ್ಕನ್ನು ಅವಧಿಯೊಳಗೆ ಮತ್ತೆ ಬ್ಯಾಂಕಿಗೆ ಹಾಕಿ, ಮತ್ತೆ ವಾಪಸಾದರೆ ಹೊಸ ನೋಟಿಸ್ ಕೊಟ್ಟು ದೂರು ಹೂಡಬಹುದು ಎಂದಿತು. ಮೇ 5ರ ಚೆಕ್ಕಿಗೆ ಆಗಸ್ಟ್ ಆರಂಭದವರೆಗೆ ಜೀವವಿದೆ. ಜುಲೈನಲ್ಲಿ ಮತ್ತೊಮ್ಮೆ ಹಾಕಿದರೆ ಹೊಸ ಮೆಮೊ, ಹೊಸ 30 ದಿನ. ಮೂಲ ಚೆಕ್ಕನ್ನು ಆತುರದಲ್ಲಿ ಯಾರಿಗೂ ಕೊಡದೆ ಇಟ್ಟುಕೊಂಡಿರಬೇಕು, ಅಷ್ಟೇ. ಆ ಅವಧಿಯೂ ದಾಟಿದ್ದರೆ ಉಳಿಯುವುದು ಬಿಲ್ಲುಗಳ ಆಧಾರದ ಮೇಲೆ ಹಣ ವಸೂಲಿಯ ಸಿವಿಲ್ ದಾವೆ. ಅದಕ್ಕೆ ಸಾಮಾನ್ಯವಾಗಿ ಮೂರು ವರ್ಷದ ಕಾಲಮಿತಿ, ಕೋರ್ಟ್ ಶುಲ್ಕ ಬೇರೆ.